ಅರ್ಧಕ್ಕಿಂತ ಜಾಸ್ತಿ ಶೇರು 200 ದಿನದ ಸರಾಸರಿಗಿಂತ ಕೆಳಗಿದ್ದರೆ ಎಲ್ಲ ಮಾರಿಬಿಡಬೇಕಾ?

ಪ್ರಶ್ನೆ: «ನಿಫ್ಟಿ ಚೆನ್ನಾಗೇ ಇದೆ. ಆದರೆ ನಿಫ್ಟಿ 500ರಲ್ಲಿ 200 ದಿನದ ಸರಾಸರಿಗಿಂತ ಮೇಲಿರುವ ಶೇರುಗಳು ಶೇ 45ಕ್ಕೆ ಇಳಿದಿವೆ ಅಂತ ಓದಿದೆ. ಹತ್ತು ಲಕ್ಷದಷ್ಟು ಶೇರು ಇಟ್ಟುಕೊಂಡಿದ್ದೇನೆ. ಶೇ 50ರ ಕೆಳಗೆ ಹೋದರೆ ಎಲ್ಲ ಮಾರಿ ಹೊರಗೆ ಬರಬೇಕು ಅಂತ ಸ್ನೇಹಿತರು ಹೇಳುತ್ತಾರೆ. ಸರೀನಾ?» — ಮಂಡ್ಯದ ಓದುಗರೊಬ್ಬರು

ಎಲ್ಲ ಮಾರಬೇಡಿ. ಹಾಗಂತ ಆ ಅಂಕಿಯನ್ನು ಬದಿಗೆ ತಳ್ಳಲೂ ಬೇಡಿ. ಈ ಅಂಕಿ ಇಳಿದ ಹಾಗೆ ಶೇರಿನಲ್ಲಿರುವ ಹಣವನ್ನು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡುವುದು, ಏರಿದ ಹಾಗೆ ಮತ್ತೆ ಸೇರಿಸುವುದು ಒಳ್ಳೆಯ ದಾರಿ. ಯಾಕೆ, ಹೇಗೆ ಅಂತ ನೋಡೋಣ.

ಮಂಡ್ಯದವರಿಗೆ ಇದನ್ನು ವಿವರಿಸುವುದು ಸುಲಭ. ಕೆಆರ್‌ಎಸ್ ಮಟ್ಟ 124 ಅಡಿ ದಾಟಿತು ಅಂತ ಪೇಪರ್‌ನಲ್ಲಿ ಬಂದ ಮಾತ್ರಕ್ಕೆ ವಿ.ಸಿ. ನಾಲೆಯ ಕೊನೆ ಭಾಗದ ಗದ್ದೆಗೆ ನೀರು ಬಂತು ಅಂತ ಅರ್ಥ ಅಲ್ಲ, ಅಲ್ವಾ? ನಿಫ್ಟಿ ಅಂದರೆ ಕಟ್ಟೆಯ ಮಟ್ಟ. ಎಷ್ಟು ಗದ್ದೆಗೆ ನೀರು ಮುಟ್ಟಿದೆ ಅನ್ನುವ ಲೆಕ್ಕವೇ ಬ್ರೆಡ್ತ್, ಅಂದರೆ ನೀವು ಓದಿದ ಆ ಶೇ 45ರ ಅಂಕಿ.

ನಿಫ್ಟಿ 50ರಲ್ಲಿ ಮೊದಲ ಹತ್ತು ಕಂಪನಿಗಳ ತೂಕವೇ ಅರ್ಧಕ್ಕಿಂತ ಜಾಸ್ತಿ. ಎರಡು ದೊಡ್ಡ ಬ್ಯಾಂಕ್, ರಿಲಯನ್ಸ್, ಒಂದೆರಡು ಐಟಿ ಕಂಪನಿ ಏರಿದರೆ ಸಾಕು, ಉಳಿದವು ಸೊರಗಿದ್ದರೂ ನಿಫ್ಟಿ ಹಸಿರಾಗಿ ಕಾಣುತ್ತದೆ. ಬ್ರೆಡ್ತ್ ಲೆಕ್ಕದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಪ್ರತಿ ಶೇರಿಗೂ ಒಂದೇ ಓಟು.

2018ರಲ್ಲಿ ಇದು ಚೆನ್ನಾಗಿ ಕಂಡಿತು. ಆ ವರ್ಷ ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪ್ ಶೇರುಗಳು ಜನವರಿಯಲ್ಲೇ ತುದಿ ಮುಟ್ಟಿ ಇಳಿಯತೊಡಗಿದ್ದವು. ನಿಫ್ಟಿ ಮಾತ್ರ ಆಗಸ್ಟ್ ಕೊನೆಯಲ್ಲಿ 11,700 ದಾಟಿ ಹೊಸ ದಾಖಲೆ ಮಾಡಿತು. ನಿಫ್ಟಿ ಒಂದನ್ನೇ ನೋಡಿದವರಿಗೆ ಎಲ್ಲ ಸರಿಯಿದೆ ಅನ್ನಿಸಿತ್ತು. ಸೆಪ್ಟೆಂಬರ್‌ನಲ್ಲಿ ಮೂಲಸೌಕರ್ಯಕ್ಕೆ ಸಾಲ ಕೊಡುವ ದೊಡ್ಡ ಕಂಪನಿ ಐಎಲ್‌&ಎಫ್‌ಎಸ್ ಸಾಲದ ಕಂತು ತಪ್ಪಿಸಿದ ಸುದ್ದಿ ಬಂತು. ಅಕ್ಟೋಬರ್ ಕೊನೆಯ ಹೊತ್ತಿಗೆ ನಿಫ್ಟಿ 10,000ದ ಹತ್ತಿರ ಬಂದಿತ್ತು. ಐಎಲ್‌&ಎಫ್‌ಎಸ್ ಬೀಳುತ್ತದೆ ಅಂತ ಬ್ರೆಡ್ತ್‌ಗೆ ಗೊತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಏರಿಕೆಯನ್ನು ಕೆಲವೇ ಶೇರುಗಳು ಹೊತ್ತು ನಿಂತಿವೆ ಅಂತ ಅದು ತೋರಿಸುತ್ತಿತ್ತು. ಅಂಥ ಹೊತ್ತಿನಲ್ಲಿ ಕೆಟ್ಟ ಸುದ್ದಿ ಬಂದರೆ ಪೆಟ್ಟು ಜಾಸ್ತಿ.

ಲೆಕ್ಕ ಹಾಕುವುದು ಕಷ್ಟ ಅಲ್ಲ. ಪ್ರತಿ ಶೇರಿನ ಕಳೆದ 200 ವಹಿವಾಟು ದಿನಗಳ ಮುಕ್ತಾಯದ ಬೆಲೆ ಕೂಡಿಸಿ 200ರಿಂದ ಭಾಗಿಸಿ. ಇವತ್ತಿನ ಬೆಲೆ ಅದಕ್ಕಿಂತ ಮೇಲಿದ್ದರೆ ಆ ಶೇರು ಎಣಿಕೆಗೆ ಸೇರಿತು. ಹೀಗೆ 500 ಶೇರುಗಳಲ್ಲಿ ಎಷ್ಟು ಮೇಲಿವೆ ಅಂತ ಎಣಿಸಿದರೆ ಶೇಕಡಾ ಸಿಗುತ್ತದೆ. ಈಚೆಗೆ ಲಿಸ್ಟ್ ಆಗಿ 200 ದಿನ ತುಂಬದ ಶೇರನ್ನು ಮೇಲಿನ ಎಣಿಕೆಯಿಂದಲೂ ಒಟ್ಟು ಎಣಿಕೆಯಿಂದಲೂ ಬಿಡಬೇಕು.

ಈಗ ನಿಮ್ಮ ಸ್ನೇಹಿತರ ಮಾತಿಗೆ ಬರೋಣ. ಶೇ 50ರಲ್ಲಿ ಒಂದು ಗೆರೆ ಎಳೆದು, ಮೇಲಿದ್ದರೆ ಪೂರ್ತಿ ಒಳಗೆ, ಕೆಳಗಿದ್ದರೆ ಪೂರ್ತಿ ಹೊರಗೆ ಅಂದರೆ ಏನಾಗುತ್ತದೆ? ಬ್ರೆಡ್ತ್ 51, 49, 52, 48 ಅಂತ ಗೆರೆಯ ಸುತ್ತಲೇ ವಾರಗಟ್ಟಲೆ ಓಡಾಡುವುದು ತೀರಾ ಮಾಮೂಲಿ. ಪ್ರತಿ ಸಲ ಹತ್ತು ಲಕ್ಷ ಮಾರಿ, ಮತ್ತೆ ಹತ್ತು ಲಕ್ಷ ಕೊಳ್ಳಬೇಕಾಗುತ್ತದೆ. ಇಳಿದಾಗ ಮಾರಿ, ಏರಿದ ಮೇಲೆ ಕೊಂಡು, ಮಧ್ಯದ ವ್ಯತ್ಯಾಸವೆಲ್ಲ ಕೈಬಿಟ್ಟು ಹೋಗುತ್ತದೆ. ನಿಜ ಹೇಳಬೇಕಂದರೆ 51ಕ್ಕೂ 49ಕ್ಕೂ ಮಾರುಕಟ್ಟೆಯ ಆರೋಗ್ಯದಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. ಅಷ್ಟು ಚಿಕ್ಕ ಬದಲಾವಣೆಗೆ ಅಷ್ಟು ದೊಡ್ಡ ಹೆಜ್ಜೆ ಇಡಬಾರದು.

ಅದಕ್ಕೇ ನಾನು ಇಳಿಜಾರಿನ ನಿಯಮ ಹೇಳುವುದು. ಬ್ರೆಡ್ತ್ 60 ಅಥವಾ ಮೇಲಿದ್ದರೆ ಪೂರ್ತಿ ಹಣ ಶೇರಿನಲ್ಲಿ. 20 ಅಥವಾ ಕೆಳಗಿದ್ದರೆ ಶೇರಿನಲ್ಲಿ ಏನೂ ಇಲ್ಲ. ನಡುವೆ ಇದ್ದರೆ ಅದೇ ಅನುಪಾತದಲ್ಲಿ.

```
B = above / valid * 100
E = min(1, max(0, (B - 20) / 40))
```

`above` ಅಂದರೆ ಸರಾಸರಿಗಿಂತ ಮೇಲಿರುವ ಶೇರುಗಳ ಎಣಿಕೆ, `valid` ಅಂದರೆ 200 ದಿನ ತುಂಬಿದ ಒಟ್ಟು ಶೇರುಗಳ ಎಣಿಕೆ. `B` ಅಂದರೆ ಬ್ರೆಡ್ತ್, `E` ಅಂದರೆ ಒಟ್ಟು ಹಣದಲ್ಲಿ ಶೇರಿನಲ್ಲಿರಬೇಕಾದ ಪಾಲು. ಬ್ರೆಡ್ತ್ 50 ಆದರೆ ಪಾಲು ಶೇ 75. ಬ್ರೆಡ್ತ್ 40 ಆದರೆ ಅರ್ಧ. ಇದರ ಜೊತೆ ಇನ್ನೊಂದು ನಿಯಮ ಬೇಕೇ ಬೇಕು: ವಾರಕ್ಕೊಮ್ಮೆ ಮಾತ್ರ ನೋಡಿ, ಮತ್ತು ಈಗಿರುವ ಪಾಲಿಗೂ ಸೂತ್ರ ಕೇಳುವ ಪಾಲಿಗೂ 15 ಪಾಯಿಂಟ್‌ಗಿಂತ ಕಡಿಮೆ ಅಂತರ ಇದ್ದರೆ ಸುಮ್ನೆ ಇರಿ. ಈ ಎರಡನೇ ನಿಯಮ ಇಲ್ಲದಿದ್ದರೆ ಪ್ರತಿ ವಾರ ಒಂದಿಷ್ಟು ಮಾರುತ್ತಾ, ಒಂದಿಷ್ಟು ಕೊಳ್ಳುತ್ತಾ ಕೂರಬೇಕಾಗುತ್ತದೆ.

ನಿಮ್ಮ ಹತ್ತು ಲಕ್ಷವನ್ನೇ ತೆಗೆದುಕೊಳ್ಳೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಬ್ರೆಡ್ತ್ 68 ಇದ್ದಾಗ ಪೂರ್ತಿ ಹಣ ಶೇರಿನಲ್ಲಿದೆ. 58ಕ್ಕೆ ಇಳಿಯಿತು. ಸೂತ್ರ ಶೇ 95 ಅನ್ನುತ್ತದೆ, ಅಂತರ ಬರೀ 5, ಏನೂ ಮಾಡುವುದಿಲ್ಲ. ಮುಂದೆ ಬ್ರೆಡ್ತ್ 50 ಆಯಿತು. ಅಷ್ಟರಲ್ಲಿ ನಿಮ್ಮ ಶೇರುಗಳ ಬೆಲೆ 9.40 ಲಕ್ಷಕ್ಕೆ ಬಂದಿದೆ. ಇರಬೇಕಾದ ಪಾಲು ಶೇ 75, ಅಂದರೆ 7.05 ಲಕ್ಷ. 2.35 ಲಕ್ಷದ ಶೇರು ಮಾರುತ್ತೀರಿ. ಮೊದಲು ಮಾರಬೇಕಾದದ್ದು ತಮ್ಮದೇ 200 ದಿನದ ಸರಾಸರಿಯ ಕೆಳಗೆ ಬಿದ್ದಿರುವ ಶೇರುಗಳನ್ನು.

ಮುಂದಿನ ವಾರ ಬ್ರೆಡ್ತ್ 46. ಸೂತ್ರ ಶೇ 65 ಅನ್ನುತ್ತದೆ, ಅಂತರ ಸುಮಾರು 10, ಸುಮ್ನಿರಿ. ಆಮೇಲೆ 40 ಆಯಿತು. ಉಳಿದ ಶೇರುಗಳು ಅಷ್ಟರಲ್ಲಿ ಶೇ 5 ಇಳಿದು 6.70 ಲಕ್ಷ ಆಗಿವೆ. ನಗದು ಸೇರಿ ಒಟ್ಟು 9.05 ಲಕ್ಷ. ಅರ್ಧ ಅಂದರೆ 4.52 ಲಕ್ಷ ಶೇರಿನಲ್ಲಿರಬೇಕು. ಇನ್ನೊಂದು 2.17 ಲಕ್ಷದಷ್ಟು ಮಾರುತ್ತೀರಿ. ಇಲ್ಲಿ ನಿಂತು ನೋಡಿ. ಇಲ್ಲಿಂದ ಮಾರುಕಟ್ಟೆ ಎತ್ತ ಬೇಕಾದರೂ ಹೋಗಬಹುದು.

ಸ್ವಲ್ಪ ಚೇತರಿಸಿಕೊಂಡು ಬ್ರೆಡ್ತ್ 48ಕ್ಕೆ ಬಂತು, ಶೇರುಗಳು ಶೇ 2 ಏರಿದವು ಅನ್ನಿ. ನಿಮ್ಮ ಒಟ್ಟು ಹಣ ಸುಮಾರು 9.14 ಲಕ್ಷ. ಸೂತ್ರ ಶೇ 70 ಅನ್ನುತ್ತದೆ, ಹಾಗಾಗಿ ಸುಮಾರು 1.78 ಲಕ್ಷದ ಶೇರು ಮತ್ತೆ ಕೊಳ್ಳುತ್ತೀರಿ. ಏನೂ ಮಾಡದೆ ಕೂತಿದ್ದರೆ 9.11 ಲಕ್ಷ ಇರುತ್ತಿತ್ತು. ಇಷ್ಟೆಲ್ಲ ಮಾಡಿ ಉಳಿದದ್ದು ಮೂರು ಸಾವಿರ! ಅದರಲ್ಲೂ ಡೆಲಿವರಿ ವಹಿವಾಟಿಗೆ ಕೊಳ್ಳುವಾಗ, ಮಾರುವಾಗ ಎರಡೂ ಕಡೆ ಶೇ 0.1 ಎಸ್‌ಟಿಟಿ, ಅಂದರೆ ವಹಿವಾಟಿನ ಮೊತ್ತದ ಮೇಲಿನ ತೆರಿಗೆ ಇದೆ. ಸುಮಾರು 6.3 ಲಕ್ಷದ ವಹಿವಾಟಿಗೆ ಅದೇ 630 ರೂಪಾಯಿ.

ಹಾಗಾಗದೆ, ಬ್ರೆಡ್ತ್ 40 ಆದ ಮೇಲೆ ಶೇರುಗಳು ಇನ್ನೂ ಶೇ 20 ಬಿದ್ದವು ಅನ್ನಿ. ಏನೂ ಮಾಡದವರ ಹತ್ತಿರ 7.14 ಲಕ್ಷ ಉಳಿಯುತ್ತದೆ. ನಿಮ್ಮ ಹತ್ತಿರ, ದಾರಿಯಲ್ಲಿ ಇನ್ನೇನೂ ಮಾರದಿದ್ದರೂ, 8.14 ಲಕ್ಷ. ಒಂದು ಲಕ್ಷದ ವ್ಯತ್ಯಾಸ. ಇದರ ತದ್ವಿರುದ್ಧ, ಅಲ್ಲಿಂದ ನೇರವಾಗಿ ಶೇ 20 ಏರಿದರೆ ಸುಮ್ಮನೆ ಕೂತವರ ಹಣ 10.72 ಲಕ್ಷ ಆಗುತ್ತದೆ. ನಿಮ್ಮದು ದಾರಿಯಲ್ಲಿ ಮತ್ತೆ ಕೊಳ್ಳದಿದ್ದರೆ 9.95 ಲಕ್ಷ.

ಈ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು ಅನ್ನುವುದು ನನ್ನ ಒತ್ತಾಯ. ಈ ವಿಧಾನದಿಂದ ಲಾಭ ಜಾಸ್ತಿಯಾಗುತ್ತದೆ ಅಂತ ಹೇಳುವವರು ಎರಡನೆಯದನ್ನು ಮಾತ್ರ ತೋರಿಸುತ್ತಾರೆ. ಸಣ್ಣ ಇಳಿತದಲ್ಲಿ ಇದರಿಂದ ಹೆಚ್ಚೇನೂ ಸಿಗುವುದಿಲ್ಲ. ಉದ್ದದ, ಆಳದ ಇಳಿತದಲ್ಲಿ ತುಂಬಾ ಉಳಿಸುತ್ತದೆ. ಥಟ್ಟನೆ ಪುಟಿದೇಳುವ ಮಾರುಕಟ್ಟೆಯಲ್ಲಿ ಕಳೆದುಕೊಳ್ಳುವಂತೆ ಮಾಡುತ್ತದೆ.

ಕೊನೆಯದಕ್ಕೆ 2020ಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಮುಗಿಯಿತು. ಜುಲೈ ಕೊನೆಗೆ 11,000 ದಾಟಿತ್ತು. ಆದರೆ 200 ದಿನದ ಸರಾಸರಿಯಲ್ಲಿ ಕೋವಿಡ್‌ಗೆ ಮುಂಚಿನ ಎತ್ತರದ ಬೆಲೆಗಳೆಲ್ಲ ಸೇರಿಕೊಂಡಿರುತ್ತವೆ. ಶೇರು ತಳದಿಂದ ಶೇ 30 ಏರಿದರೂ ಸರಾಸರಿಯ ಕೆಳಗೇ ಇರಬಹುದು. ಹಾಗಾಗಿ ಏರಿಕೆಯ ಮೊದಲ ದೊಡ್ಡ ತುಂಡು ಈ ನಿಯಮದವರಿಗೆ ಸಿಗುವುದಿಲ್ಲ. 50 ದಿನದ ಸರಾಸರಿ ಬಳಸಿದರೆ ಬೇಗ ಒಳಗೆ ಬರಬಹುದು. ಆದರೆ ಅದು ಮಾಮೂಲಿ ದಿನಗಳಲ್ಲೂ ತುಂಬಾ ಮೇಲೆ ಕೆಳಗೆ ಆಡುತ್ತದೆ, ವಹಿವಾಟು ಜಾಸ್ತಿಯಾಗುತ್ತದೆ.

ವಹಿವಾಟು ಜಾಸ್ತಿ ಆದರೆ ನಿಜವಾಗಿ ನೋಯಿಸುವುದು ಎಸ್‌ಟಿಟಿ ಅಲ್ಲ, ಲಾಭದ ಮೇಲಿನ ತೆರಿಗೆ. 12 ತಿಂಗಳು ತುಂಬುವ ಮೊದಲು ಮಾರಿದ ಲಿಸ್ಟೆಡ್ ಶೇರಿನ ಲಾಭಕ್ಕೆ 2024ರ ಜುಲೈ 23ರಿಂದ ಶೇ 20 ತೆರಿಗೆ. 12 ತಿಂಗಳು ದಾಟಿದ್ದರೆ ವರ್ಷಕ್ಕೆ 1.25 ಲಕ್ಷದ ಮೇಲಿನ ಲಾಭಕ್ಕೆ ಶೇ 12.5. ಮೇಲಿನ ಲೆಕ್ಕದಲ್ಲಿ ಮಾರಿದ 4.5 ಲಕ್ಷದಲ್ಲಿ 60 ಸಾವಿರ ಅಲ್ಪಾವಧಿ ಲಾಭ ಇದ್ದರೆ 12 ಸಾವಿರ ತೆರಿಗೆಗೇ ಹೋಯಿತು. ಆ ಮೂರು ಸಾವಿರ ಎಲ್ಲಿ ನಿಲ್ಲುತ್ತದೆ? ಅದಕ್ಕೇ 15 ಪಾಯಿಂಟ್ ಅಂತರದ ನಿಯಮವನ್ನು ಸಡಿಲ ಮಾಡಬೇಡಿ.

ನೀವೇ ಅಂಕಿ ಹಾಕಿ ನೋಡುವುದಾದರೆ ಎರಡು ಕಡೆ ಎಚ್ಚರ ಬೇಕು. ಎನ್‌ಎಸ್‌ಇಯ ದಿನದ ಬೆಲೆಪಟ್ಟಿಯಾದ ಭಾವ್‌ಕಾಪಿಯಲ್ಲಿರುವುದು ಆವತ್ತಿನ ಬೆಲೆ. ಬೋನಸ್, ಸ್ಪ್ಲಿಟ್‌ಗೆ ಹಳೆಯ ಬೆಲೆಗಳನ್ನು ನೀವೇ ಸರಿಪಡಿಸಿಕೊಳ್ಳಬೇಕು. 2024ರ ಅಕ್ಟೋಬರ್‌ನಲ್ಲಿ ರಿಲಯನ್ಸ್ ಒಂದಕ್ಕೊಂದು ಬೋನಸ್ ಕೊಟ್ಟಾಗ ಬೆಲೆ ಒಂದೇ ದಿನ ಅರ್ಧ ಆಯಿತು. ಶೇರುಗಳ ಸಂಖ್ಯೆ ಎರಡರಷ್ಟಾದ್ದರಿಂದ ಯಾರಿಗೂ ನಷ್ಟ ಆಗಲಿಲ್ಲ. ಆದರೆ ಸರಿಪಡಿಸದ ಶೀಟಿನಲ್ಲಿ ಆ ಶೇರು ತಿಂಗಳುಗಟ್ಟಲೆ ಸರಾಸರಿಯ ಕೆಳಗೆ ಕೂತಿರುತ್ತದೆ. ಇಂಥವು ಹತ್ತಿಪ್ಪತ್ತು ಸೇರಿದರೆ ಬ್ರೆಡ್ತ್ ಎರಡು ಮೂರು ಪಾಯಿಂಟ್ ಸುಳ್ಳು ಹೇಳುತ್ತದೆ. ಒಂದೇ ದಿನದಲ್ಲಿ ಬೆಲೆ ಹೆಚ್ಚುಕಮ್ಮಿ ಅರ್ಧ, ಐದನೇ ಒಂದು ಅಥವಾ ಹತ್ತನೇ ಒಂದು ಭಾಗ ಆಗಿರುವ ಶೇರುಗಳನ್ನು ಹುಡುಕಿ. ಕಾರಣ ಅಲ್ಲೇ ಸಿಗುತ್ತದೆ.

ಇನ್ನೊಂದು, ಹಳೆಯ ವರ್ಷಗಳ ಮೇಲೆ ಪರೀಕ್ಷೆ ಮಾಡುವಾಗ ಇವತ್ತಿನ 500 ಹೆಸರುಗಳ ಪಟ್ಟಿಯನ್ನೇ 2018ಕ್ಕೆ ಹಾಕುವುದು. ಇವತ್ತಿನ ಪಟ್ಟಿಯಲ್ಲಿರುವುದು ಉಳಿದು ಬೆಳೆದ ಕಂಪನಿಗಳು. ಆಗ ವಹಿವಾಟಿನಲ್ಲಿದ್ದು, ಕುಸಿದು, 2021ರಲ್ಲಿ ಡಿಲಿಸ್ಟ್ ಆದ ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್‌ನಂಥವು ಅದರಲ್ಲಿ ಇಲ್ಲ. ಹಾಗಾಗಿ ಹಳೆಯ ಬ್ರೆಡ್ತ್ ಇದ್ದದ್ದಕ್ಕಿಂತ ಚೆನ್ನಾಗಿ ಕಾಣುತ್ತದೆ. ನಿಫ್ಟಿ 500 ಪಟ್ಟಿ ವರ್ಷಕ್ಕೆ ಎರಡು ಸಲ ಬದಲಾಗುತ್ತದೆ, ಆಯಾ ಕಾಲದ ಪಟ್ಟಿ ಸಿಗದಿದ್ದರೆ ಆ ಪರೀಕ್ಷೆಯ ಲಾಭದ ಅಂಕಿಯನ್ನು ನಂಬಬೇಡಿ.

20, 60 ಅನ್ನುವ ಗಡಿಗಳೂ ದೇವರು ಬರೆದದ್ದಲ್ಲ. ಅವನ್ನು 25–65, 15–55 ಅಂತ ಸರಿಸಿ ನೋಡಿ. ಫಲಿತಾಂಶ ಹೆಚ್ಚುಕಮ್ಮಿ ಹಾಗೇ ಇದ್ದರೆ ಸರಿ. 20–60ರಲ್ಲಿ ಮಾತ್ರ ಚೆಂದ ಕಂಡು ಉಳಿದ ಕಡೆ ಕೆಟ್ಟರೆ ಅದು ಹಳೆಯ ಅಂಕಿಗೆ ಹೊಲಿದ ಅಳತೆ ಅಷ್ಟೇ, ಮುಂದಕ್ಕೆ ಕೆಲಸಕ್ಕೆ ಬರುವುದಿಲ್ಲ.

ನಿಮ್ಮ ವಿಷಯಕ್ಕೆ ಬಂದರೆ, ಬ್ರೆಡ್ತ್ 45 ಅಂದರೆ ಪಾಲು ಶೇ 62ರ ಆಸುಪಾಸು. ಶುಕ್ರವಾರದ ಮುಕ್ತಾಯದ ಬೆಲೆಯಲ್ಲಿ ಇನ್ನೊಮ್ಮೆ ಎಣಿಸಿ, ಅಂಕಿ ಅಷ್ಟೇ ಇದ್ದರೆ ಸೋಮವಾರ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಮಾರಿ, ಸರಾಸರಿಯ ಕೆಳಗಿರುವವುಗಳಿಂದ ಶುರು ಮಾಡಿ. 12 ತಿಂಗಳು ತುಂಬಲು ಕೆಲವೇ ದಿನ ಉಳಿದಿರುವ ಲಾಭದ ಶೇರು ಇದ್ದರೆ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮ್ಯೂಚುವಲ್ ಫಂಡ್‌ನಲ್ಲಿ ತಿಂಗಳ ಎಸ್‌ಐಪಿ ನಡೆಯುತ್ತಿದ್ದರೆ ಅದಕ್ಕೆ ಈ ಲೆಕ್ಕ ಹಾಕಬೇಡಿ. ಬೆಲೆ ಇಳಿದಾಗ ಜಾಸ್ತಿ ಯೂನಿಟ್ ಸಿಗಲಿ ಅಂತಲೇ ಅದನ್ನು ಶುರು ಮಾಡಿರುತ್ತೀರಿ.