ಆಡಿಯೋ ಹಾಕದೆಯೇ ಉತ್ತರ ಬಂದುಬಿಟ್ಟರೆ?

ಕೋಲಾರದ ಕಡೆ ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳು ಬಹಳ. ಅವರ ಕನ್ನಡ ಪರೀಕ್ಷೆಗೆ 'ಕೇಳಿ ಉತ್ತರಿಸಿ' ಭಾಗ ತಯಾರಿಸಲು ಕೂತಾಗ ನಾನು ಆರಿಸಿಕೊಂಡದ್ದು ಟೊಮೆಟೊ ಮಂಡಿಯ ಮಾತುಕತೆ. ಒಬ್ಬ ರೈತ, ಒಬ್ಬ ಮಂಡಿಯವರು. ಒಂದೂವರೆ ನಿಮಿಷ, ಐದು ಪ್ರಶ್ನೆ, ಪ್ರತಿಯೊಂದಕ್ಕೂ ಮೂರು ಆಯ್ಕೆ.

ಮೊದಲ ಪ್ರಶ್ನೆ, 'ಟೊಮೆಟೊ ಬೆಲೆ ಯಾಕೆ ಬಿತ್ತು?' ಉತ್ತರ, 'ಮಾಲು ಜಾಸ್ತಿ ಬಂದಿತ್ತು.' ಆಡಿಯೋ ಹಾಕದೆ, ಸುಮ್ನೆ ಪ್ರಶ್ನೆಗಳನ್ನಷ್ಟೇ 30 ಮಕ್ಕಳಿಗೆ ಕೊಟ್ಟು ನೋಡಿದೆ. ಕಣ್ಣು ಮುಚ್ಚಿ ಗುರುತು ಹಾಕಿದರೂ ಸುಮಾರು 10 ಜನರದ್ದು ಸರಿಯಾಗಬೇಕು. ಇಲ್ಲಿ 24 ಜನರದ್ದು ಸರಿ! ಮಂಡಿ ಊರಿನ ಮಕ್ಕಳಿಗೆ ಅದನ್ನು ಯಾರೂ ಕೇಳಿಸಬೇಕಿಲ್ಲ, ಅಲ್ವಾ? ಆ ಪ್ರಶ್ನೆ ಅಳೆದದ್ದು ಕಿವಿಯನ್ನಲ್ಲ, ಊರಿನ ಅನುಭವವನ್ನು.

ಮಾತನ್ನೇ ಬದಲಿಸಿದೆ. "ಮಾಲೇನೂ ಜಾಸ್ತಿ ಇಲ್ಲ, ಹಣ್ಣೂ ಗಟ್ಟಿಯಾಗೇ ಇದೆ. ಲೋಡು ಎತ್ತೋಕೆ ಲಾರಿನೇ ಬಂದಿಲ್ಲ." ಈಗ ಮೂರು ಆಯ್ಕೆಯೂ ಕಿವಿಗೆ ಬೀಳುತ್ತವೆ. ಒಂದು ಪದ ಹಿಡಿದು ಗುರುತು ಹಾಕಿದರೆ ಸಾಲದು, ಯಾವುದು 'ಇಲ್ಲ', ಯಾವುದು 'ಇದೆ' ಅಂತ ಅರ್ಥವಾಗಲೇಬೇಕು.

ಎರಡನೆಯ ಪ್ರಶ್ನೆಯ ತೊಂದರೆ ಬೇರೆ. ರೈತ ಹೇಳುತ್ತಾನೆ, "ನಲವತ್ತು ಬಾಕ್ಸ್ ತರೋಣ ಅಂತಿದ್ದೆ, ಗಾಡೀಲಿ ಜಾಗ ಸಾಲದೆ ಹತ್ತು ಬಿಟ್ಟು ಬಂದೆ." ಎಷ್ಟು ತಂದ? ಒಟ್ಟು ಅಂಕದಲ್ಲಿ ಮುಂದಿರುವ 10 ಮಕ್ಕಳಲ್ಲಿ 5 ಜನ ಸರಿ ಬರೆದಿದ್ದರು, ಹಿಂದಿರುವ 10 ಮಕ್ಕಳಲ್ಲಿ 4 ಜನ. ಬರೀ ಒಬ್ಬರ ವ್ಯತ್ಯಾಸ. ಹತ್ತರಿಂದ ಭಾಗಿಸಿದರೆ 0.1. ಸಾಮಾನ್ಯವಾಗಿ ಇದು 0.3 ದಾಟಿದರೆ ಪ್ರಶ್ನೆ ಬಲ್ಲವರನ್ನೂ ಬಾರದವರನ್ನೂ ಬೇರ್ಪಡಿಸುತ್ತಿದೆ ಎಂದು ತಿಳಿಯುತ್ತಾರೆ. ತಪ್ಪು ಬರೆದ ಹುಡುಗಿಯನ್ನು ಕೂರಿಸಿಕೊಂಡು ಕೇಳಿದೆ. "ಎರಡೂ ಕೇಳಿಸ್ತು ಮಿಸ್. ಕಳೀತಾ ಇರುವಾಗ ಮುಂದಿನ ಮಾತು ಬಂದ್ಬಿಡ್ತು." ನಾನು ಕೊಟ್ಟದ್ದು ಲೆಕ್ಕದ ಪ್ರಶ್ನೆ! ಅಷ್ಟೇ ಅಲ್ಲ, ಅದು ಪಕ್ಕದ ಪ್ರಶ್ನೆಯ ಉತ್ತರವನ್ನೂ ನುಂಗಿತ್ತು. ಕೊನೆಗೆ "ಮೂವತ್ತೇ, ಮೂವತ್ತೇ ಬಾಕ್ಸ್ ಹಾಕ್ಕೊಂಡು ಬಂದೆ" ಎಂದು ಸೇರಿಸಿದೆ, ಮುಂದಿನ ಉತ್ತರವನ್ನು ಒಂದೆರಡು ಮಾತು ದೂರ ತಳ್ಳಿದೆ. ಇನ್ನೊಂದು ತರಗತಿಯಲ್ಲಿ ಕೇಳಿಸಿದಾಗ ಮುಂದಿನವರಲ್ಲಿ 9, ಹಿಂದಿನವರಲ್ಲಿ 3 ಜನ ಸರಿ ಬರೆದರು. 0.6.

ಆ 'ಮೂವತ್ತೇ, ಮೂವತ್ತೇ' ಎಂಬುದರಲ್ಲೇ ಕಷ್ಟ ಹೆಚ್ಚಿಸುವ, ಇಳಿಸುವ ಕೀಲಿಯಿದೆ. ನನ್ನ ಮೊದಲ ಕರಡು ದಿನಪತ್ರಿಕೆಯ ವರದಿಯಂತಿತ್ತು. 'ಸ್ಥಳಾವಕಾಶದ ಕೊರತೆಯಿಂದಾಗಿ' ಅಂತ ಮಂಡಿಯಲ್ಲಿ ಯಾರು ಹೇಳುತ್ತಾರೆ? ಓದುವವರು ಹಿಂದಿನ ಸಾಲಿಗೆ ಹೋಗಬಹುದು, ಕೇಳುವವರಿಗೆ ಆ ಅನುಕೂಲವಿಲ್ಲ. ಅದಕ್ಕೇ ನಾವು ಮಾತಾಡುವಾಗ ಹೇಳಿದ್ದನ್ನೇ ಮತ್ತೆ ಹೇಳುತ್ತೇವೆ, ನಡುವೆ ತಡೆಯುತ್ತೇವೆ. ಸುಲಭ ಮಾಡಲು ಒಂದೊಂದೇ ಪದ ಎಳೆದು ಓದಿಸುವುದು ನನಗೆ ಒಪ್ಪಿಗೆಯಿಲ್ಲ. ಹಾಗೆ ಯಾರೂ ಮಾತಾಡುವುದಿಲ್ಲ. ಏಳನೇ ತರಗತಿಗೆ ಆ ಪುನರುಕ್ತಿ ಉಳಿಸಿಕೊಂಡೆ. ಒಂಬತ್ತನೇ ತರಗತಿಗೆ ಅದೇ ವೇಗದಲ್ಲಿ, ಒಂದೇ ಸಲ 'ಮೂವತ್ತು' ಅನ್ನಿಸಿದೆ.