ಐದನೇ ರಾತ್ರಿ ನಿದ್ದೆ ಬಾರದಿದ್ದರೆ

"ಬಿಟ್ಟೆ ಡಾಕ್ಟ್ರೇ, ಆದ್ರೆ ನಿದ್ದೇನೇ ಬರ್ಲಿಲ್ಲ. ಐದನೇ ದಿನ ಮತ್ತೆ ಶುರು ಮಾಡ್ದೆ." ಕುಡಿತ ಬಿಡಲು ಹೊರಟ ಮೂಡಿಗೆರೆ, ಸಕಲೇಶಪುರ ಕಡೆಯವರು ಮಳೆಗಾಲದಲ್ಲಿ ಹೇಳುವ ಮಾತಿದು. ಅವರು ಹೇಳುವುದು ನಿಜ. ಆದರೆ ಕಾಯಬೇಕಾದ ಹೊತ್ತಿನಲ್ಲೇ ಕೈಬಿಟ್ಟಿರುತ್ತಾರೆ.

ಮೊದಲೇ ಒಂದು ಎಚ್ಚರಿಕೆ. ಬೆಳಿಗ್ಗೆ ಎದ್ದಾಗ ಕೈ ನಡುಗುವವರು, ಹಿಂದೆ ಕುಡಿತ ಬಿಟ್ಟಾಗ ಫಿಟ್ಸ್ ಬಂದವರು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಮೊದಲ ಮೂರು-ನಾಲ್ಕು ದಿನ ಜೀವಕ್ಕೇ ಅಪಾಯವಾಗಬಹುದು. ವೈದ್ಯರನ್ನು ಕಂಡೇ ಬಿಡಬೇಕು.

ದಿನಾ ರಾತ್ರಿ ಎಂಟಕ್ಕೆ ಒಂದು ಕ್ವಾರ್ಟರ್ ವಿಸ್ಕಿ ಕುಡಿಯುವ ತೋಟದ ರೈಟರ್ ಒಬ್ಬರನ್ನು ಊಹಿಸಿಕೊಳ್ಳಿ. ಆ 180 ಮಿ.ಲೀ.ನಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ. ದೇಹ ಅದನ್ನು ಗಂಟೆಗೆ ಎಂಟ್ಹತ್ತು ಗ್ರಾಂನಂತೆ ಕರಗಿಸುತ್ತದೆ. ಹತ್ತಕ್ಕೆ ಮಲಗಿದ ಕೂಡಲೇ ಜೋಂಪು ಹತ್ತುತ್ತದೆ. ಎರಡು ಗಂಟೆಯ ಹೊತ್ತಿಗೆ ಬಹುಪಾಲು ಇಳಿದಿರುತ್ತದೆ, ಆಗ ಎಚ್ಚರವಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ. ಮದ್ಯವನ್ನು ಎದುರಿಸಲೆಂದೇ ಮಿದುಳು ತನ್ನ ಎಚ್ಚರದ ಕಡೆಯನ್ನು ಬಿಗಿ ಮಾಡಿಕೊಂಡಿರುತ್ತದೆ. ಕುಡಿತ ನಿಂತರೂ ಆ ಬಿಗಿ ಕೆಲವು ದಿನ ಸಡಿಲವಾಗುವುದಿಲ್ಲ. ಐದನೇ ರಾತ್ರಿಯ ಒದ್ದಾಟಕ್ಕೆ ಕಾರಣ ಇದೇ. ಇಷ್ಟು ದಿನ ಅದುಮಿಟ್ಟ ಕನಸಿನ ನಿದ್ದೆಯೂ ಒಮ್ಮೆಲೇ ನುಗ್ಗುತ್ತದೆ; ವಿಚಿತ್ರ ಕನಸು ಬಿದ್ದರೆ ಹೆದರಬೇಡಿ.

ಸಾಮಾನ್ಯವಾಗಿ ಎರಡನೇ ವಾರದಿಂದ ಹದಕ್ಕೆ ಬರುತ್ತದೆ. ಬಹಳ ವರ್ಷ, ಬಹಳ ಕುಡಿದವರಿಗೆ ತಿಂಗಳೂ ಸಾಲದು. ಎಷ್ಟು ಬೇಗ ನಿದ್ದೆ ಹತ್ತಿತು ಎಂದು ಲೆಕ್ಕ ಹಾಕಬೇಡಿ, ಎರಡು ಗಂಟೆಗೆ ಎಚ್ಚರವಾಯಿತೇ ಎಂದು ನೋಡಿ. ಅದು ನಿಂತರೆ ನಿದ್ದೆ ಸುಧಾರಿಸುತ್ತಿದೆ ಎಂದೇ ಅರ್ಥ. ನಮ್ಮ ಕಡೆ ಇನ್ನೊಂದು ತೊಡಕಿದೆ: ಪೆಗ್ಗಿನ ಹೊತ್ತಿಗೆ ಕೈಗೆ ಸ್ಟ್ರಾಂಗ್ ಫಿಲ್ಟರ್ ಕಾಫಿ ಬರುತ್ತದೆ. ರಾತ್ರಿ ಎಂಟಕ್ಕೆ ಕುಡಿದ ಕಾಫಿಯ ಕೆಫೀನ್‌ನಲ್ಲಿ ಸುಮಾರು ಅರ್ಧದಷ್ಟು ನಡುರಾತ್ರಿ ದಾಟಿ ಒಂದು ಗಂಟೆಯಾದರೂ ರಕ್ತದಲ್ಲೇ ಇರುತ್ತದೆ. ಮಧ್ಯಾಹ್ನದ ಮೇಲೆ ಕಾಫಿ ಬೇಡ. ನಿದ್ದೆ ಮಾತ್ರೆಯನ್ನು ಮೆಡಿಕಲ್‌ನಲ್ಲಿ ನೀವೇ ಕೇಳಿ ತರುವುದಂತೂ ಬೇಡವೇ ಬೇಡ.

ಮುಖದ ಊತ, ಕೆಂಪು ಒಂದೆರಡು ವಾರದಲ್ಲಿ ಇಳಿಯುತ್ತದೆ. ಕೆನ್ನೆಯ ಮೇಲೆ ಮೂಡಿದ ಸಣ್ಣ ಕೆಂಪು ನರಗಳು ಹೋಗಲಿಕ್ಕಿಲ್ಲ. ತೂಕಕ್ಕೆ ಬಂದರೆ, ಒಂದು ಕ್ವಾರ್ಟರ್‌ನಲ್ಲಿ ಸುಮಾರು 420 ಕ್ಯಾಲೊರಿ, ಮೂವತ್ತು ದಿನಕ್ಕೆ ಲೆಕ್ಕದಲ್ಲಿ ಒಂದೂವರೆ ಕಿಲೋ. ಜೊತೆಗಿನ ಕಬಾಬ್, ಕಡ್ಲೆಬೀಜ ನಿಂತರೆ ಇನ್ನಷ್ಟು. ಆದರೆ ಬಿಟ್ಟವರಿಗೆ ಸಿಹಿಯ ಆಸೆ ಜೋರು. ಜ್ಯೂಸ್, ಜಿಲೇಬಿಗೆ ತಿರುಗಿಕೊಂಡರೆ ತಕ್ಕಡಿ ಅಲುಗುವುದಿಲ್ಲ. ಸಕ್ಕರೆ ಕಾಯಿಲೆಯ ಅಥವಾ ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಕುಡಿತ ಬಿಟ್ಟ ಮೊದಲ ತಿಂಗಳಲ್ಲಿ ಒಮ್ಮೆ ಪರೀಕ್ಷೆ ಮಾಡಿಸಿಕೊಳ್ಳಿ, ಡೋಸ್ ಬದಲಾಗಬೇಕಾಗಬಹುದು.

ಮನಸ್ಸು ನಿದ್ದೆಯ ಹಿಂದೆಯೇ ಬರುತ್ತದೆ. ಮೊದಲ ವಾರ ಸಿಡಿಮಿಡಿ, ಮನೆಯವರು ಸ್ವಲ್ಪ ತಾಳಿಕೊಳ್ಳಬೇಕು. ಮೂರು-ನಾಲ್ಕನೇ ವಾರಕ್ಕೆ ಹಗುರಾಗುವುದೇ ಹೆಚ್ಚು. ನಾಲ್ಕು ವಾರ ದಾಟಿದ ಮೇಲೂ ಯಾವುದೂ ಬೇಡವೆನಿಸುತ್ತಿದ್ದರೆ, ಅದು ಕುಡಿತದ ಕೆಳಗೆ ಅಡಗಿದ್ದ ಖಿನ್ನತೆಯಿರಬಹುದು, ಅದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಬದುಕೇ ಬೇಡ ಎನ್ನುವ ಯೋಚನೆ ಬಂದರೆ ನಾಲ್ಕು ವಾರ ಕಾಯದೆ ಅಂದೇ ಬನ್ನಿ.