ಮನೆಮಂದಿ ಮುಂದೆ ಸಾಲದ ಲೆಕ್ಕ ಇಡುವಾಗ

ಸಾಲದ ಬಗ್ಗೆ ಮನೆಯವರನ್ನು ಕೂರಿಸಿ ಮಾತಾಡುವವರು ಸಾಮಾನ್ಯವಾಗಿ ಒಟ್ಟು ಮೊತ್ತದಿಂದ ಶುರು ಮಾಡುತ್ತಾರೆ. ‘ನಾಲ್ಕು ಲಕ್ಷ ಮೂವತ್ತು ಸಾವಿರ’ ಎಂದ ಕೂಡಲೇ ಮಾತು ‘ಯಾರು ಮಾಡಿದ್ದು’ ಎಂಬ ಕಡೆ ಹೊರಳುತ್ತದೆ. ತಿಂಗಳ ಬಡ್ಡಿಯಿಂದ ಶುರು ಮಾಡಿದರೆ ಎಲ್ಲರ ಗಮನ ಮುಂದೇನು ಎಂಬುದರ ಮೇಲೇ ಇರುತ್ತದೆ.

ಸಭೆಗೆ ಮುಂಚೆ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ಕೇಳಿ. ಅಮ್ಮನ ಸ್ವಸಹಾಯ ಸಂಘದ ಸಾಲ, ಅಂಗಡಿಯ ಉದ್ರಿ ಎಲ್ಲವನ್ನೂ ಬರೆದುಕೊಳ್ಳಿ. ಚೀಟಿ ಎತ್ತಿ ಆಗಿದ್ದರೆ ಉಳಿದ ಕಂತುಗಳೂ ಸಾಲವೇ. ಇದನ್ನು ಮರೆಯುವವರೇ ಹೆಚ್ಚು.

ಒಂದು ಮನೆಯ ಲೆಕ್ಕ ನೋಡೋಣ. ಮಗನ ಸಂಬಳ, ಅಪ್ಪನ ಪಿಂಚಣಿ ಸೇರಿ ಆದಾಯ 60,000. ಖರ್ಚು 38,000. ಮಗ ಹೀಗೆ ಹೇಳಬಹುದು:

“ಅಪ್ಪ, ಅಮ್ಮ, ತಿಂಗಳಿಗೆ ಸುಮಾರು 7,800 ರೂಪಾಯಿ ಬರೀ ಬಡ್ಡಿಗೆ ಹೋಗ್ತಿದೆ. ಕ್ರೆಡಿಟ್ ಕಾರ್ಡಲ್ಲಿ 80,000 ಬಾಕಿ ಇದೆ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ, ಅದರ ಮೇಲೆ ಜಿಎಸ್‌ಟಿ, ಒಟ್ಟು 3,300. ಕನಿಷ್ಠ ಮೊತ್ತ ಅಂತ 4,000 ಕಟ್ಟಿದ್ರೆ ಅಸಲಿಗೆ ಹೋಗೋದು 700 ಮಾತ್ರ. ಕೈಸಾಲ ಒಂದೂವರೆ ಲಕ್ಷ, ನೂರಕ್ಕೆ ಎರಡು ರೂಪಾಯಿ ಬಡ್ಡಿ, ಅದು 3,000. ಒಡವೆ ಸಾಲ ಎರಡು ಲಕ್ಷ, ವರ್ಷಕ್ಕೆ 9 ಪರ್ಸೆಂಟ್, ತಿಂಗಳಿಗೆ 1,500. ಖರ್ಚು ಕಳೆದು 22,000 ಉಳಿಯುತ್ತೆ. 2,000 ಆಸ್ಪತ್ರೆ-ಗೀಸ್ಪತ್ರೆಗೆ ಇರಲಿ. 20,000 ಸಾಲಕ್ಕೇ.”

ಇಲ್ಲಿ ಅಮ್ಮ ‘ಮೊದಲು ಒಡವೆ ಬಿಡಿಸು’ ಎನ್ನುವುದು ಸಹಜ. ಅದು ಅವರ ಒಡವೆ, ಆ ಸಂಕಟವನ್ನು ತಳ್ಳಿಹಾಕಬಾರದು. ಆದರೆ ಅದೇ ಅತಿ ಅಗ್ಗದ ಸಾಲ, ಹಾಗಾಗಿ ಕೊನೆಗೆ. ಬಡ್ಡಿ ಹೆಚ್ಚಿರುವ ಕಾರ್ಡೇ ಮೊದಲು. ಉಳಿದ ಎರಡಕ್ಕೆ ಬಡ್ಡಿ 4,500 ಕಟ್ಟಿ, 15,500 ಕಾರ್ಡಿಗೆ ಹಾಕಿದರೆ ಆರನೇ ತಿಂಗಳಿಗೆ ಅದು ಚುಕ್ತಾ. ಆಮೇಲೆ ಕೈಸಾಲಕ್ಕೆ ತಿಂಗಳಿಗೆ 18,500. ಅದು 15ನೇ ತಿಂಗಳಿಗೆ ಮುಗಿಯುತ್ತದೆ. ಒಡವೆ ಮನೆಗೆ ಬರುವುದು 26ನೇ ತಿಂಗಳು. ಆ ತಿಂಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ ಅಮ್ಮನಿಗೆ ತೋರಿಸಿ.

ಲೆಕ್ಕ ತಪ್ಪುವುದು ಮೂರು ಕಡೆ. ತೀರಿಸುವ ಅವಧಿಯಲ್ಲಿ ಅದೇ ಕಾರ್ಡ್ ಉಜ್ಜಿದರೆ ಹೊಸ ಖರೀದಿಗೂ ಮೊದಲ ದಿನದಿಂದಲೇ ಬಡ್ಡಿ ಬೀಳುತ್ತದೆ; ಹಳೆ ಬಾಕಿ ಇರುವಾಗ ಬಡ್ಡಿರಹಿತ ಅವಧಿ ಸಿಗುವುದಿಲ್ಲ. ಒಡವೆ ಸಾಲದ ಅವಧಿ ಬಹಳ ಕಡೆ 12 ತಿಂಗಳು. ಅಷ್ಟರೊಳಗೆ ಬಡ್ಡಿ ಕಟ್ಟಿ ನವೀಕರಿಸಬೇಕು, ಇಲ್ಲದಿದ್ದರೆ ಹರಾಜಿನ ನೋಟಿಸ್ ಬರುತ್ತದೆ. ಮೂರನೆಯದು ಕೈಸಾಲ. ಅಸಲನ್ನು ಚೂರುಚೂರಾಗಿ ತೆಗೆದುಕೊಳ್ಳಲು ಒಪ್ಪದವರಿದ್ದಾರೆ, ಇದನ್ನು ಸಭೆಗೆ ಮುಂಚೆಯೇ ಕೇಳಿಕೊಳ್ಳಿ. ಒಪ್ಪದಿದ್ದರೆ ತಿಂಗಳ 15,500 ಅನ್ನು ಜಂಟಿ ಹೆಸರಿನ ಆರ್‌ಡಿಗೆ ಹಾಕಿ, ಬಡ್ಡಿ 3,000 ಕೊಡುತ್ತಾ ಹೋಗಿ. ಒಂದು ತಿಂಗಳಷ್ಟೇ ತಡವಾಗುತ್ತದೆ. ಪೂರ್ತಿ ಹಣ ಕೊಡುವ ದಿನ ಪ್ರಾಮಿಸರಿ ನೋಟು, ಖಾಲಿ ಚೆಕ್ಕು ಎರಡನ್ನೂ ವಾಪಸ್ ಪಡೆದೇ ಬನ್ನಿ.